ಇಪ್ಪತ್ಮೂರು ಲಕ್ಷದ ಆಫರ್‌ಗೆ ತಂಗಿ ಬರೆದ ಉತ್ತರ

ನಾನು ಹಲವು ವರ್ಷ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ಕಾಂಪ್ ಟೀಮಿನಲ್ಲಿ ಕೆಲಸ ಮಾಡಿದ್ದೇನೆ. ಯಾವ ಹುದ್ದೆಗೆ ಎಷ್ಟು ಸಂಬಳ ಕೊಡಬಹುದು ಎಂದು ಮಿತಿ ಹಾಕುವ ತಂಡ ಅದು. ಸಂದರ್ಶನಕ್ಕೆ ಬಂದವರು ನಮ್ಮನ್ನು ನೋಡುವುದೇ ಇಲ್ಲ. ಅವರು ಮಾತಾಡುವುದು ರಿಕ್ರೂಟರ್ ಜೊತೆ. ಆದರೆ ಅವರು ಬರೆದ ಮೇಲ್‌ಗಳು ಫಾರ್ವರ್ಡ್ ಆಗಿ ನಮ್ಮ ಹತ್ತಿರ ಬರುತ್ತವೆ. "ಈ ಆಫರ್ ನನಗೆ ಬೇಡ, ಸಂಬಳ ಕಡಿಮೆ" ಅನ್ನುವ ಮೇಲ್‌ಗಳನ್ನು ನಾನು ಲೆಕ್ಕವಿಲ್ಲದಷ್ಟು ಓದಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಓದಿದ ಕ್ಷಣವೇ ಮುಗಿದುಹೋಗುತ್ತಿದ್ದವು. ಕೆಲವು ಮಾತ್ರ ವಾರಗಳ ನಂತರ ಮತ್ತೆ ಮೇಜಿಗೆ ಬರುತ್ತಿದ್ದವು. ಆ ವ್ಯತ್ಯಾಸ ಎಲ್ಲಿಂದ ಬರುತ್ತದೆ ಅನ್ನುವುದನ್ನು ನನ್ನ ಚಿಕ್ಕಮ್ಮನ ಮಗಳ ಆಫರ್ ಇಟ್ಟುಕೊಂಡು ಹೇಳುತ್ತೇನೆ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಕಂಪನಿಗಳ ಹೆಸರು ಬೇಡ ಅಂದಳು, ನನಗೂ ಅದೇ ಸರಿ ಅನ್ನಿಸಿತು.

ತಂಗಿ ಬ್ಯಾಕೆಂಡ್ ಡೆವಲಪರ್. ಏಳು ವರ್ಷದ ಅನುಭವ. ಪೇಮೆಂಟ್ ವ್ಯವಸ್ಥೆಯ ಕೆಲಸ ಅವಳದು, ಅಂದರೆ ಅಂಗಡಿಯವರಿಗೆ ಸೇರಬೇಕಾದ ಹಣ ದಿನದ ಕೊನೆಗೆ ಸರಿಯಾಗಿ ಸೇರಿದೆಯಾ ಎಂದು ನೋಡುವ ಸೆಟಲ್‌ಮೆಂಟ್ ಭಾಗ. ಈಗಿನ ಕಂಪನಿಯಲ್ಲಿ ಅವಳ ಸಿಟಿಸಿ, ಅಂದರೆ ಕಂಪನಿ ಅವಳಿಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, 19 ಲಕ್ಷ. ಹೊಸ ಕಂಪನಿ ಕೊಟ್ಟ ಆಫರ್ 23 ಲಕ್ಷ. ಮನೆಯಲ್ಲಿ ಎಲ್ಲರಿಗೂ ಖುಷಿ. ನಾಲ್ಕು ಲಕ್ಷ ಜಾಸ್ತಿ, ಶೇಕಡಾ 21ರಷ್ಟು ಹೈಕ್, ಇನ್ನೇನು ಬೇಕು ಅಲ್ವಾ? ಅವಳಿಗೆ ಮಾತ್ರ ಎಲ್ಲೋ ಅನುಮಾನ. ಆಫರ್ ಲೆಟರ್‌ನ ಕೊನೆಯ ಪುಟದಲ್ಲಿದ್ದ ಸಂಬಳದ ಪಟ್ಟಿ ನನಗೆ ಕಳಿಸಿ, "ಅಕ್ಕ, ಒಂದ್ಸಲ ನೋಡ್ತೀಯಾ?" ಅಂದಳು.

ನೋಡಿದೆ. 23 ಲಕ್ಷದಲ್ಲಿ ಮೂರು ಲಕ್ಷ ವೇರಿಯಬಲ್. ಕಂಪನಿಯ ಫಲಿತಾಂಶ, ಅವಳ ರೇಟಿಂಗ್ ಎರಡೂ ಚೆನ್ನಾಗಿದ್ದರೆ ವರ್ಷದ ಕೊನೆಗೆ ಪೂರ್ತಿ ಬರಬಹುದು. ಉಳಿದ 20 ಲಕ್ಷವನ್ನು ಫಿಕ್ಸೆಡ್ ಎಂದು ಬರೆದಿದ್ದರು. ಅದರೊಳಗೆ ಆರೋಗ್ಯ ವಿಮೆಯ ಕಂತು 30,000. ಬೇಸಿಕ್ ಒಂಬತ್ತು ಲಕ್ಷ ಇಟ್ಟಿದ್ದರು. ಅದರ ಮೇಲೆ ಕಂಪನಿ ಕಟ್ಟುವ ಪಿಎಫ್ ಶೇಕಡಾ 12, ಅಂದರೆ 1,08,000. ಗ್ರ್ಯಾಚುಟಿ ಬೇಸಿಕ್‌ನ ಶೇಕಡಾ 4.81, ಸುಮಾರು 43,000. ಇವನ್ನೆಲ್ಲ ತೆಗೆದರೆ ಪ್ರತಿ ತಿಂಗಳು ಪೇಸ್ಲಿಪ್‌ನಲ್ಲಿ ಕಾಣುವ ಮೊತ್ತ ವರ್ಷಕ್ಕೆ 18 ಲಕ್ಷ 19 ಸಾವಿರದ ಹತ್ತಿರ. ತಿಂಗಳಿಗೆ 1,51,500.

ಈಗ ಹಳೆಯ ಕಂಪನಿಯ 19 ಲಕ್ಷ ನೋಡಿ. ಅಲ್ಲಿ ವೇರಿಯಬಲ್ ಇಲ್ಲ. ವಿಮೆಯ ಕಂತನ್ನು ಕಂಪನಿಯೇ ಬೇರೆಯಾಗಿ ಕಟ್ಟುತ್ತದೆ, ಸಿಟಿಸಿಯೊಳಗೆ ತೋರಿಸುವುದಿಲ್ಲ. ಪಿಎಫ್‌ಗೆ ಕಡ್ಡಾಯ ಮಿತಿಯನ್ನಷ್ಟೇ ಪಾಲಿಸುತ್ತಾರೆ. 2014ರಲ್ಲಿ ನಿಗದಿಯಾದ 15,000 ರೂಪಾಯಿ ಸಂಬಳದ ಮಿತಿಗೆ ಶೇಕಡಾ 12 ಹಾಕಿದರೆ ತಿಂಗಳಿಗೆ 1,800. ಗ್ರ್ಯಾಚುಟಿ ಸುಮಾರು 41,000. ಹಾಗಾಗಿ ಅವಳ ಈಗಿನ ಪೇಸ್ಲಿಪ್‌ನಲ್ಲಿ ತಿಂಗಳಿಗೆ 1,53,000 ಇದೆ.

ನಾಲ್ಕು ಲಕ್ಷ ಹೆಚ್ಚಾದ ಆಫರ್‌ನಲ್ಲಿ ತಿಂಗಳ ಸಂಬಳ 1,500 ರೂಪಾಯಿ ಕಡಿಮೆ. ಅಷ್ಟೇ ಅಲ್ಲ, ಹೊಸ ಕಡೆ ಅವಳ ಪಾಲಿನ ಪಿಎಫ್ ಕೂಡ 1,800ರ ಬದಲು 9,000 ಕಡಿತ ಆಗುತ್ತದೆ. ಟ್ಯಾಕ್ಸ್ ಲೆಕ್ಕಕ್ಕೆ ಮುಂಚೆಯೇ ಕೈಗೆ ಬರುವ ಹಣ ತಿಂಗಳಿಗೆ ಸುಮಾರು 8,700 ಇಳಿಯುತ್ತದೆ.

ಇದರಲ್ಲಿ ಮೋಸ ಏನೂ ಇಲ್ಲ ಅನ್ನುವುದನ್ನು ಹೇಳಲೇಬೇಕು. ಪಿಎಫ್ ಅವಳದೇ ಹಣ. ಕಂಪನಿ ಹಾಕುವ ಪಾಲೂ ಜಾಸ್ತಿಯಾಗುತ್ತದೆ, ವರ್ಷಕ್ಕೆ 86,000ಕ್ಕೂ ಹೆಚ್ಚು. ಅದು ನಿಜವಾದ ಲಾಭ. ಗ್ರ್ಯಾಚುಟಿ ಹಾಗಲ್ಲ. ಕಾಯಂ ನೌಕರರಿಗೆ ಅದು ಸಿಗಬೇಕಾದರೆ ಸಾಮಾನ್ಯವಾಗಿ ಐದು ವರ್ಷ ಒಂದೇ ಕಡೆ ಇರಬೇಕು. ನಮ್ಮ ಊರಿನ ಸಾಫ್ಟ್‌ವೇರ್ ಕೆಲಸಗಳಲ್ಲಿ ಎಷ್ಟು ಜನ ಐದು ವರ್ಷ ಒಂದೇ ಕಡೆ ಇರುತ್ತಾರೆ? ಆದರೂ ಅದನ್ನು ಸಿಟಿಸಿಯಲ್ಲಿ ಕೂಡಿಸಿ ತೋರಿಸುವುದು ರೂಢಿ. ಹಾಗಾಗಿ ಎರಡು ಸಿಟಿಸಿಗಳನ್ನು ಪಕ್ಕಪಕ್ಕ ಇಟ್ಟು ಹೈಕ್ ಎಷ್ಟು ಎಂದು ಲೆಕ್ಕ ಹಾಕಬಾರದು. ಫಿಕ್ಸೆಡ್‌ಗೆ ಫಿಕ್ಸೆಡ್ ಹೋಲಿಸಿದರೆ 19 ಲಕ್ಷದಿಂದ 20 ಲಕ್ಷ. ಶೇಕಡಾ ಐದು. ಈಗಿನ ಕಂಪನಿಯಲ್ಲೇ ಇದ್ದರೂ ಏಪ್ರಿಲ್‌ನಲ್ಲಿ ಅಷ್ಟು ಸಿಗುತ್ತಿತ್ತು.

"ಹಾಗಾದ್ರೆ ಬೇಡ ಅಂದುಬಿಡ್ತೀನಿ ಅಕ್ಕ. ಆದ್ರೆ ಆ ಟೀಮು, ಆ ಕೆಲಸ ನಂಗೆ ತುಂಬ ಇಷ್ಟ ಆಗಿತ್ತು. ಅವರು ಜಾಸ್ತಿ ಮಾಡಿದ್ರೆ ಹೋಗ್ತೀನಿ" ಅಂದಳು.

"ಬೇಡ" ಮತ್ತು "ಜಾಸ್ತಿ ಮಾಡಿದರೆ ಬರುತ್ತೇನೆ", ಇವೆರಡನ್ನೂ ಒಂದೇ ಉತ್ತರದಲ್ಲಿ ಹೇಳಬೇಕು. ಇದನ್ನು ನಾವು ಚಿಕ್ಕಪೇಟೆಯ ಸೀರೆ ಅಂಗಡಿಯ ಚೌಕಾಸಿಯ ಹಾಗೆ ಅಂದುಕೊಳ್ಳುತ್ತೇವೆ. ಮೆಟ್ಟಿಲು ಇಳಿಯುವ ಹಾಗೆ ಮಾಡಿದರೆ ಅಂಗಡಿಯವರು "ಬನ್ನಿ ಅಮ್ಮ, ಕೊನೇ ರೇಟು ಹೇಳ್ತೀನಿ" ಎಂದು ಕರೆಯುತ್ತಾರೆ. ಅದು ನಡೆಯುವುದು ಯಾಕೆ ಅಂದರೆ ಅಲ್ಲಿ ಬೆಲೆ ಇಳಿಸುವ ಅಧಿಕಾರ ಎದುರಿಗೆ ಕೂತವರ ಕೈಯಲ್ಲೇ ಇರುತ್ತದೆ. ರಿಕ್ರೂಟರ್ ಕೈಯಲ್ಲಿ ಆ ಅಧಿಕಾರ ಇಲ್ಲ. ಅವರಿಗೆ ಒಂದು ಬ್ಯಾಂಡ್ ಕೊಟ್ಟಿರುತ್ತಾರೆ, ಅಂದರೆ ಆ ಮಟ್ಟದ ಹುದ್ದೆಗೆ ಎಷ್ಟರಿಂದ ಎಷ್ಟರವರೆಗೆ ಸಂಬಳ ಕೊಡಬಹುದು ಅನ್ನುವ ವ್ಯಾಪ್ತಿ. ಅದರೊಳಗೆ ಒಂದು ಹಂತದವರೆಗೆ ಅವರೇ ಕೊಡಬಹುದು. ಅದಕ್ಕಿಂತ ಮೇಲೆ ಹೋಗಬೇಕಾದರೆ ಹೈರಿಂಗ್ ಮ್ಯಾನೇಜರ್ ಕಾರಣ ಬರೆದು ಕೇಳಬೇಕು, ಕಾಂಪ್ ಟೀಮ್ ಒಪ್ಪಬೇಕು. ಬ್ಯಾಂಡ್ ದಾಟಬೇಕಾದರೆ ಇನ್ನೂ ಮೇಲಿನವರು ಸಹಿ ಹಾಕಬೇಕು. ನೀವು ಸುಮ್ನೆ ಎದ್ದು ಹೊರಟರೆ ರಿಕ್ರೂಟರ್‌ಗೆ ಬೇಜಾರಾಗುತ್ತದೆ ಅಷ್ಟೇ. ಮೇಲಿನವರ ಹತ್ತಿರ ತೆಗೆದುಕೊಂಡು ಹೋಗಲು ಅವರ ಕೈಯಲ್ಲಿ ಏನೂ ಇರುವುದಿಲ್ಲ.

ಹಾಗಾಗಿ ಉತ್ತರ ಬರೆಯುವ ಮುಂಚೆ ಒಂದು ವಿಷಯ ತಿಳಿದುಕೊಳ್ಳಲು ಹೇಳಿದೆ. ರಿಕ್ರೂಟರ್‌ಗೆ ಫೋನ್ ಮಾಡಿ, ಈ ಆಫರ್ ಯಾವ ಗ್ರೇಡ್‌ನದು, ಆ ಗ್ರೇಡ್‌ನ ಫಿಕ್ಸೆಡ್ ಬ್ಯಾಂಡ್ ಎಲ್ಲಿಂದ ಎಲ್ಲಿವರೆಗೆ, ತನ್ನ ಆಫರ್ ಅದರಲ್ಲಿ ಎಲ್ಲಿ ಬರುತ್ತದೆ ಎಂದು ಕೇಳಬೇಕು. ನಮ್ಮಲ್ಲಿ ಇದನ್ನು ಕೇಳಲು ಜನ ಹಿಂಜರಿಯುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2023ರಿಂದ 15 ಅಥವಾ ಹೆಚ್ಚು ನೌಕರರಿರುವ ಕಂಪನಿ ಉದ್ಯೋಗದ ಜಾಹೀರಾತಿನಲ್ಲೇ ಸಂಬಳದ ವ್ಯಾಪ್ತಿ ಬರೆಯಬೇಕು. ನಿಮ್ಮ ಹಳೆಯ ಸಂಬಳ ಎಷ್ಟು ಎಂದು ಅಲ್ಲಿ ಕೇಳುವ ಹಾಗೂ ಇಲ್ಲ. ಇಲ್ಲಿ ಮೊದಲ ಕರೆಯಲ್ಲೇ ಈಗಿನ ಸಿಟಿಸಿ ಕೇಳುತ್ತಾರೆ, ಕೊನೆಗೆ ಮೂರು ತಿಂಗಳ ಪೇಸ್ಲಿಪ್ ತರಿಸಿಕೊಳ್ಳುತ್ತಾರೆ. ಅವರಿಗೆ ನಮ್ಮ ಲೆಕ್ಕ ಪೂರ್ತಿ ಗೊತ್ತು. ಅವರ ಬ್ಯಾಂಡ್ ಕೇಳುವುದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ. ನಿಜ ಹೇಳಬೇಕೆಂದರೆ ಇದನ್ನು ಮೊದಲ ಸುತ್ತು ಮುಗಿದಾಗಲೇ ಕೇಳುವುದು ಒಳ್ಳೆಯದು. ಕೆಲವರು ಅಂಕಿ ಹೇಳುವುದಿಲ್ಲ, "ನೀವು ಬ್ಯಾಂಡ್‌ನ ಮೇಲ್ಭಾಗದಲ್ಲಿ ಇದ್ದೀರಿ" ಅನ್ನುತ್ತಾರೆ. ಅಷ್ಟು ಗೊತ್ತಾದರೂ ಸಾಕು.

ತಂಗಿಗೆ ಅಂಕಿಯೇ ಸಿಕ್ಕಿತು. ಅವಳಿಗೆ ಕೊಟ್ಟ ಗ್ರೇಡ್‌ನ ಫಿಕ್ಸೆಡ್ ಬ್ಯಾಂಡ್ 15ರಿಂದ 21 ಲಕ್ಷ. ನಡುವಿನ ಬಿಂದು 18. ಅದರ ಮೇಲಿನ ಗ್ರೇಡ್‌ಗೆ 20ರಿಂದ 28 ಲಕ್ಷ, ನಡುವೆ 24.

ಈ ಅಂಕಿಗಳನ್ನು ಕಂಪನಿಯ ಕಣ್ಣಿನಿಂದ ನೋಡಬೇಕು. ಕಾಂಪ್ ಟೀಮಿನಲ್ಲಿ ನಾವು ಯಾರ ಸಂಬಳವನ್ನಾದರೂ ಅವರ ಬ್ಯಾಂಡ್‌ನ ನಡುವಿನ ಬಿಂದುವಿನಿಂದ ಭಾಗಿಸುತ್ತೇವೆ. ಅದಕ್ಕೆ ಕಾಂಪಾ ರೇಷಿಯೊ ಅನ್ನುತ್ತೇವೆ. ನಡುವಿನ ಬಿಂದು ಅಂದರೆ ಆ ಕೆಲಸವನ್ನು ಪೂರ್ತಿ ಚೆನ್ನಾಗಿ ಮಾಡುವವರಿಗೆ ಮಾರುಕಟ್ಟೆಯ ಬೆಲೆ ಎಂದು ಕಂಪನಿ ನಂಬಿರುವ ಅಂಕಿ. ತಂಗಿಯ 20ನ್ನು 18ರಿಂದ ಭಾಗಿಸಿದರೆ 1.11. ಅಂದರೆ ಕಂಪನಿಯ ಲೆಕ್ಕದಲ್ಲಿ ಅವಳಿಗೆ ಆಗಲೇ ಮಾರುಕಟ್ಟೆಗಿಂತ ಶೇಕಡಾ 11 ಜಾಸ್ತಿ ಕೊಟ್ಟಾಗಿದೆ. ಅವರು ಜಿಪುಣತನ ಮಾಡುತ್ತಿರಲಿಲ್ಲ. ಉದಾರವಾಗಿ ಕೊಟ್ಟಿದ್ದೇವೆ ಎಂದೇ ಅಂದುಕೊಂಡಿದ್ದರು.

ಅವಳ ಮನಸ್ಸಿನಲ್ಲಿದ್ದ ಅಂಕಿ ಫಿಕ್ಸೆಡ್ 23.5 ಲಕ್ಷ. ಅದೇ ಅನುಭವದ ಗೆಳತಿಯರನ್ನು ಕೇಳಿ, ಬೇರೆ ಎರಡು ಕಂಪನಿಗಳು ಹೇಳಿದ ವ್ಯಾಪ್ತಿ ನೋಡಿ ಬಂದಿದ್ದ ಅಂಕಿ ಅದು. ಮೊದಲ ಗ್ರೇಡ್‌ನಲ್ಲಿ 23.5 ಅಂದರೆ ಕಾಂಪಾ ರೇಷಿಯೊ 1.3 ದಾಟುತ್ತದೆ, ಬ್ಯಾಂಡ್‌ನ ಹೊರಗೆ ಎಷ್ಟೋ ಮೇಲೆ. ನನ್ನ ಮೇಜಿಗೆ ಅಂಥ ಕೋರಿಕೆ ಬಂದಿದ್ದರೆ ನಾನು ಒಪ್ಪುತ್ತಿರಲಿಲ್ಲ. ಅದೇ ಟೀಮಿನಲ್ಲಿ ಅದೇ ಗ್ರೇಡ್‌ನಲ್ಲಿ ಆಗಲೇ ಇರುವವರಿಗೆ ಏನು ಉತ್ತರ ಕೊಡುವುದು? ಮೇಲಿನ ಗ್ರೇಡ್‌ನಲ್ಲಿ ಅದೇ 23.5 ಅಂದರೆ 0.98. ತೀರ ಸಾಮಾನ್ಯ ಆಫರ್. ಯಾರೂ ಎರಡನೇ ಸಲ ನೋಡುವುದಿಲ್ಲ.

ಹಣವೂ ಅದೇ, ವ್ಯಕ್ತಿಯೂ ಅವಳೇ. ಒಂದು ಕಡೆ ಅದು ಅಸಾಧ್ಯ, ಇನ್ನೊಂದು ಕಡೆ ಮಾಮೂಲಿ. ಹಾಗಾಗಿ "ಸಂಬಳ ಜಾಸ್ತಿ ಮಾಡಿ" ಎಂದು ಕೇಳುವುದರಲ್ಲಿ ಅರ್ಥವಿರಲಿಲ್ಲ. ಕೇಳಬೇಕಾಗಿದ್ದು ಗ್ರೇಡ್ ಅನ್ನು. ಆಫರ್ ಬೇಡ ಅನ್ನುವ ಬಹಳ ಜನ ಇಲ್ಲಿ ಎಡವುತ್ತಾರೆ. ಆಫರ್ ಬ್ಯಾಂಡ್‌ನ ಕೆಳಭಾಗದಲ್ಲಿದ್ದರೆ ಹಣ ಕೇಳಬೇಕು, ಅದು ರಿಕ್ರೂಟರ್ ಮಟ್ಟದಲ್ಲೇ ಆಗಿಬಿಡಬಹುದು. ಬ್ಯಾಂಡೇ ಚಿಕ್ಕದಾಗಿದ್ದರೆ ಎಷ್ಟು ಗಟ್ಟಿಯಾಗಿ ಕೇಳಿದರೂ ಬ್ಯಾಂಡ್‌ನ ತುದಿ ಸಿಗುತ್ತದೆ, ಅಷ್ಟೇ.

ಗ್ರೇಡ್ ಬದಲಾಗಲು ಏನು ಬೇಕು? ಸಂದರ್ಶನ ಮಾಡಿದವರ ಬರಹದಲ್ಲಿ ಅದಕ್ಕೆ ಆಧಾರ ಇರಬೇಕು. ಸಾಮಾನ್ಯವಾಗಿ ಎಲ್ಲ ಸುತ್ತು ಮುಗಿದ ಮೇಲೆ ಸಂದರ್ಶಕರು ಕೂತು ಇವರು ಯಾವ ಮಟ್ಟದವರು ಎಂದು ತೀರ್ಮಾನಿಸುತ್ತಾರೆ. ತಂಗಿಯ ಸುತ್ತುಗಳಲ್ಲಿ ಕೋಡಿಂಗ್‌ಗೆ ಒತ್ತು ಜಾಸ್ತಿ ಇತ್ತು. ಸಿಸ್ಟಮ್ ಡಿಸೈನ್ ಸುತ್ತು ಒಂದೇ ಇತ್ತು. ಅದರಲ್ಲೂ ಅವಳು ಈಗ ಮಾಡುತ್ತಿರುವ ಕೆಲಸದ ಬಗ್ಗೆ ಯಾರೂ ಕೇಳಿರಲಿಲ್ಲ. ಕಳೆದ ಎರಡು ವರ್ಷದಿಂದ ಸೆಟಲ್‌ಮೆಂಟ್ ಭಾಗದ ವಿನ್ಯಾಸವನ್ನು ಅವಳೇ ನೋಡಿಕೊಳ್ಳುತ್ತಿದ್ದಾಳೆ, ಮೂವರು ಕಿರಿಯರ ಕೆಲಸ ಪರಿಶೀಲಿಸುತ್ತಾಳೆ. ಇದು ಆ ಕಂಪನಿಯ ಕಡತದಲ್ಲಿ ಎಲ್ಲೂ ಇರಲಿಲ್ಲ. ಮೇಲ್‌ನಲ್ಲಿ ಇದು ಬರಬೇಕು ಎಂದು ತೀರ್ಮಾನಿಸಿದೆವು.

ಇನ್ನೊಂದು ಕೆಲಸ ಮೇಲ್ ಬರೆಯುವ ಮುಂಚೆಯೇ ಆಗಬೇಕಿತ್ತು. ಎಷ್ಟಕ್ಕೆ ಒಪ್ಪುತ್ತೀಯ, ಎಷ್ಟರ ಕೆಳಗೆ ಖಂಡಿತ ಒಪ್ಪುವುದಿಲ್ಲ ಎಂದು ಕೇಳಿದೆ. ಅವಳು ಒಂದು ರಾತ್ರಿ ಯೋಚಿಸಿ 22.5 ಅಂದಳು. ಈಗ ಹೆಚ್ಚಿನ ದಿನ ಮನೆಯಿಂದಲೇ ಕೆಲಸ. ಹೊಸ ಕಡೆ ವಾರಕ್ಕೆ ಮೂರು ದಿನ ಹೊರ ವರ್ತುಲ ರಸ್ತೆಯ ಆಫೀಸಿಗೆ ಹೋಗಬೇಕು. ಅವಳ ಮನೆ ವಿಜಯನಗರದಲ್ಲಿ. ಆ ಓಡಾಟದ ಖರ್ಚು, ಸಮಯ ಎರಡೂ ಆ ಅಂಕಿಯಲ್ಲಿ ಸೇರಿತ್ತು. ಈ ಕೆಳಗಿನ ಮಿತಿಯನ್ನು ಮೇಲ್‌ನಲ್ಲಿ ಬರೆಯುವುದಲ್ಲ, ನಮಗೆ ನಾವೇ ಗಟ್ಟಿ ಮಾಡಿಕೊಳ್ಳುವುದು. ಯಾಕೆಂದರೆ "ಸರಿ, ಶುಭವಾಗಲಿ" ಎಂದು ಅವರು ಉತ್ತರಿಸಿದರೆ ಅಲ್ಲಿಗೆ ಮುಗಿಯಿತು. ಮಾರನೇ ದಿನ "ಹಳೇ ಆಫರ್‌ಗೇ ಬರುತ್ತೇನೆ" ಅನ್ನಬಹುದು, ಕೆಲವು ಕಂಪನಿಗಳು ಒಪ್ಪುತ್ತವೆ ಕೂಡ. ಆದರೆ ಆಮೇಲೆ ನೀವು ಹೇಳುವ ಯಾವ "ಇಲ್ಲ"ವನ್ನೂ ಯಾರೂ ನಂಬುವುದಿಲ್ಲ. ಅದು ಮೊದಲ ವರ್ಷದ ಅಪ್ರೈಸಲ್‌ವರೆಗೂ ಹಿಂದೆ ಬರುತ್ತದೆ.

ಅವಳು ಇಂಗ್ಲಿಷಿನಲ್ಲಿ ಬರೆದ ಮೇಲ್‌ನ ಸಾರ ಹೀಗಿತ್ತು:

> ಆಫರ್‌ಗೆ, ಸಂದರ್ಶನಗಳಲ್ಲಿ ನಿಮ್ಮ ತಂಡ ಕೊಟ್ಟ ಸಮಯಕ್ಕೆ ಧನ್ಯವಾದ. ಹಣ ಹಿಂದಿರುಗಿಸುವ ಭಾಗವನ್ನು ಹೊಸದಾಗಿ ಕಟ್ಟುವ ಬಗ್ಗೆ ಮ್ಯಾನೇಜರ್ ಜೊತೆ ಆದ ಮಾತು ನನಗೆ ನಿಜಕ್ಕೂ ಇಷ್ಟವಾಯಿತು.
>
> ಈಗಿನ ರೂಪದಲ್ಲಿ ಈ ಆಫರ್ ಒಪ್ಪಿಕೊಳ್ಳಲು ನನ್ನಿಂದ ಆಗುತ್ತಿಲ್ಲ. ಕಾರಣ ಫಿಕ್ಸೆಡ್ ಸಂಬಳ ಮಾತ್ರ. ಕೆಲಸ, ತಂಡ, ಜಾಗ ಯಾವುದರ ಬಗ್ಗೆಯೂ ಆಕ್ಷೇಪ ಇಲ್ಲ. ಈ ಗ್ರೇಡ್‌ನ ಬ್ಯಾಂಡ್ 21 ಲಕ್ಷಕ್ಕೆ ನಿಲ್ಲುತ್ತದೆ ಎಂದು ನೀವು ತಿಳಿಸಿದ್ದೀರಿ. ಹಾಗಾಗಿ ಇದೇ ಗ್ರೇಡ್‌ನಲ್ಲಿ ಹೆಚ್ಚು ಕೇಳುವುದಿಲ್ಲ.
>
> ನಾನು ಎರಡು ವರ್ಷದಿಂದ ಸೆಟಲ್‌ಮೆಂಟ್ ಸೇವೆಯ ವಿನ್ಯಾಸದ ಹೊಣೆ ಹೊತ್ತಿದ್ದೇನೆ, ಮೂವರು ಎಂಜಿನಿಯರ್‌ಗಳಿಗೆ ಮಾರ್ಗದರ್ಶನ ಮಾಡುತ್ತಿದ್ದೇನೆ. ಸಂದರ್ಶನಗಳಲ್ಲಿ ಇದರ ಬಗ್ಗೆ ಮಾತಾಡುವ ಅವಕಾಶ ಬರಲಿಲ್ಲ. ಮೇಲಿನ ಗ್ರೇಡ್‌ಗೆ ನನ್ನನ್ನು ಪರಿಗಣಿಸಲು ಸಾಧ್ಯವಾದರೆ ಇನ್ನೊಂದು ಸುತ್ತಿಗೆ ಸಿದ್ಧಳಿದ್ದೇನೆ. ಫಿಕ್ಸೆಡ್ 23.5 ಲಕ್ಷದ ಆಸುಪಾಸಿನ ಆಫರ್ ಆದರೆ ನಾನು ಬರಬಲ್ಲೆ. ನನ್ನ ನೋಟಿಸ್ ಅವಧಿ 60 ದಿನ, ಇನ್ನೂ ರಾಜೀನಾಮೆ ಕೊಟ್ಟಿಲ್ಲ.
>
> ಅದು ಈಗ ಸಾಧ್ಯವಿಲ್ಲದಿದ್ದರೆ ದಯವಿಟ್ಟು ಬೇರೆಯವರಿಗೆ ಈ ಅವಕಾಶ ಕೊಡಿ. ಮುಂದೆ ಆ ಗ್ರೇಡ್‌ನಲ್ಲಿ ಜಾಗ ತೆರೆದಾಗ ತಿಳಿಸಿದರೆ ಸಂತೋಷ.

ಮೇಲ್ ಇಷ್ಟೇ. ಮನೆ ಸಾಲ, ಅಮ್ಮನ ಆರೋಗ್ಯ ಎಂದೆಲ್ಲ ಬರೆಯಲಿಲ್ಲ. ಅವು ನಿಜವೇ ಆಗಿದ್ದರೂ ಕಾಂಪ್ ಟೀಮ್ ಅವುಗಳ ಮೇಲೆ ಸಂಬಳ ನಿಗದಿ ಮಾಡುವುದಿಲ್ಲ. ಇಲ್ಲದ ಬೇರೆ ಆಫರ್‌ನ ಹೆಸರನ್ನೂ ಹೇಳಲಿಲ್ಲ. ಹೇಳಿದರೆ ಲೆಟರ್ ತೋರಿಸಿ ಅನ್ನುತ್ತಾರೆ, ಅಲ್ಲಿಗೆ ಮಾತು ಕೆಡುತ್ತದೆ.

ಈ ಮೇಲ್ ಅನ್ನು ರಿಕ್ರೂಟರ್ ಒಂದಕ್ಷರ ಬದಲಿಸದೆ ಮ್ಯಾನೇಜರ್‌ಗೆ, ಮ್ಯಾನೇಜರ್ ಕಾಂಪ್ ಟೀಮಿಗೆ ಕಳಿಸಬಹುದು. ಅದಕ್ಕೇ ಹಾಗೆ ಬರೆದದ್ದು. ನನ್ನ ಮೇಜಿಗೆ ಬರುತ್ತಿದ್ದ ಹೆಚ್ಚಿನ ಮೇಲ್‌ಗಳಲ್ಲಿ "ಸಂಬಳ ನನ್ನ ನಿರೀಕ್ಷೆಗೆ ತಕ್ಕಂತೆ ಇಲ್ಲ" ಎಂದಷ್ಟೇ ಇರುತ್ತಿತ್ತು. ಎಷ್ಟು ನಿರೀಕ್ಷೆ, ಫಿಕ್ಸೆಡ್ಡೋ ಸಿಟಿಸಿಯೋ, ಕೊಟ್ಟರೆ ಖಂಡಿತ ಬರುತ್ತಾರಾ, ಇಲ್ಲ ಬೇರೆ ಕಡೆ ಚೌಕಾಸಿ ಮಾಡಲು ನಮ್ಮ ಲೆಟರ್ ಬಳಸುತ್ತಾರಾ, ಯಾವುದೂ ಗೊತ್ತಾಗುತ್ತಿರಲಿಲ್ಲ. ಅಂಥ ಕಡತಕ್ಕೆ ಯಾವ ಮ್ಯಾನೇಜರ್ ಮೇಲಿನವರ ಸಹಿ ಕೇಳಲು ಹೋಗುತ್ತಾರೆ? ಬೆಂಗಳೂರಿನಲ್ಲಿ ಆಫರ್ ಒಪ್ಪಿಕೊಂಡು, ನೋಟಿಸ್ ಅವಧಿಯಲ್ಲಿ ಇನ್ನೆರಡು ಆಫರ್ ಹಿಡಿದು, ಕೊನೆಯ ವಾರ ಫೋನ್ ಎತ್ತದವರು ಬಹಳ. ಮ್ಯಾನೇಜರ್‌ಗಳಿಗೆ ಆ ಭಯ ಸದಾ ಇರುತ್ತದೆ. ಇಂತಿಷ್ಟಾದರೆ ಬರುತ್ತೇನೆ, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳಿ ಎಂದು ಸಹಿ ಹಾಕುವ ಮೊದಲೇ ಹೇಳಿದವರನ್ನು ಅವರು ನೆನಪಿಟ್ಟುಕೊಳ್ಳುತ್ತಾರೆ.

ಒಂದು ಚಿಕ್ಕ ವಿಷಯ. ಅವಳ ಆಫರ್ ಪೋರ್ಟಲ್‌ನಲ್ಲಿ ಬಂದಿತ್ತು. ಕೆಳಗೆ ಎರಡು ಬಟನ್, Accept ಮತ್ತು Decline. ಮೇಲ್ ಕಳಿಸುವ ಮುಂಚೆ Decline ಒತ್ತಬೇಡ ಅಂದೆ. ಹಲವು ಕಂಪನಿಗಳಲ್ಲಿ ಅದನ್ನು ಒತ್ತಿದರೆ ಆಫರ್ ವ್ಯವಸ್ಥೆಯಲ್ಲಿ ಮುಚ್ಚಿಹೋಗುತ್ತದೆ. ಮತ್ತೆ ತೆರೆಯಬೇಕಾದರೆ ಎಲ್ಲ ಅನುಮತಿಗಳನ್ನೂ ಮೊದಲಿನಿಂದ ಪಡೆಯಬೇಕು. ಮೊದಲು ರಿಕ್ರೂಟರ್‌ಗೆ ಫೋನ್ ಮಾಡಿ ಹೇಳಬೇಕು, ಆಮೇಲೆ ಮೇಲ್. ಬಟನ್ ಒತ್ತುವುದು ಅವರು ಹೇಳಿದಾಗ. ಹಾಗೆಂದು ಆಫರ್‌ನ ಗಡುವು ಮುಗಿಯುವವರೆಗೆ ಸುಮ್ಮನೆ ಕೂರಬಾರದು. ಗಡುವಿಗೆ ಎರಡು ದಿನ ಇರುವಾಗಲೇ ಅವಳು ಮಾತಾಡಿದಳು.

ಮಾರನೇ ದಿನವೇ ರಿಕ್ರೂಟರ್ ಫೋನ್ ಬಂತು. ಫಿಕ್ಸೆಡ್ 21 ಲಕ್ಷ, ಜೊತೆಗೆ ಜಾಯ್ನಿಂಗ್ ಬೋನಸ್ ಎರಡು ಲಕ್ಷ. "ಮೊದಲ ವರ್ಷ ನಿಮಗೆ 23 ಸಿಕ್ಕ ಹಾಗಾಯ್ತಲ್ಲ" ಅಂದರಂತೆ. ರಿಕ್ರೂಟರ್ ಕೈಯಲ್ಲಿ ಇದ್ದದ್ದು ಅಷ್ಟೇ, ಅದನ್ನು ಪೂರ್ತಿ ಕೊಟ್ಟಿದ್ದರು. ತಂಗಿಗೆ ಆಸೆಯಾಯಿತು. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ.

ಜಾಯ್ನಿಂಗ್ ಬೋನಸ್ ಒಂದು ಸಲ ಬರುವ ಹಣ. ಮುಂದಿನ ವರ್ಷದ ಹೈಕ್ ಲೆಕ್ಕಕ್ಕೆ ಅದು ಸೇರುವುದಿಲ್ಲ. ಎರಡನೇ ವರ್ಷ ಶೇಕಡಾ ಐದು ಹೈಕ್ ಸಿಕ್ಕರೂ ಫಿಕ್ಸೆಡ್ 22 ಲಕ್ಷ ಆಗುತ್ತದೆ. ಅಂದರೆ ಮೊದಲ ವರ್ಷಕ್ಕಿಂತ ಒಟ್ಟು ಆದಾಯ ಕಡಿಮೆ. ಒಂದು ವರ್ಷದೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು ಅನ್ನುವ ಷರತ್ತು ಸಾಮಾನ್ಯ. ಟ್ಯಾಕ್ಸ್ ಕಡಿತವಾಗಿ ಕೈಗೆ ಬಂದಿರುವುದು ಕಡಿಮೆಯಾದರೂ ಪೂರ್ತಿ ಎರಡು ಲಕ್ಷ ಕೇಳುವ ಕಂಪನಿಗಳಿವೆ. ಆ ಸಾಲನ್ನು ಲೆಟರ್‌ನಲ್ಲಿ ಹುಡುಕಿ ಓದಬೇಕು.

ಅದಕ್ಕಿಂತ ದೊಡ್ಡ ತೊಂದರೆ ಆ 21 ಲಕ್ಷ. ಅದು ಬ್ಯಾಂಡ್‌ನ ತುದಿ. ವರ್ಷದ ಹೈಕ್ ಹಂಚುವಾಗ ನಾವು ರೇಟಿಂಗ್ ಒಂದನ್ನೇ ನೋಡುವುದಿಲ್ಲ, ಬ್ಯಾಂಡ್‌ನಲ್ಲಿ ಎಲ್ಲಿ ನಿಂತಿದ್ದಾರೆ ಎಂದೂ ನೋಡುತ್ತೇವೆ. ಒಂದೇ ರೇಟಿಂಗ್ ಪಡೆದ ಇಬ್ಬರಲ್ಲಿ ಬ್ಯಾಂಡ್‌ನ ಕೆಳಗಿರುವವರಿಗೆ ಶೇಕಡಾ ಹತ್ತು ಸಿಕ್ಕರೆ ತುದಿಯಲ್ಲಿರುವವರಿಗೆ ನಾಲ್ಕೋ ಐದೋ ಸಿಗಬಹುದು. ತುದಿ ಮುಟ್ಟಿದವರಿಗೆ ಕೆಲವು ಕಡೆ ಸಂಬಳ ಏರಿಸದೆ ಒಂದಿಷ್ಟು ಹಣ ಒಟ್ಟಿಗೆ ಕೊಟ್ಟು ಮುಗಿಸುತ್ತಾರೆ. ಬಡ್ತಿ ಸಿಗುವವರೆಗೆ ಅಲ್ಲೇ ನಿಲ್ಲಬೇಕು. ಇದನ್ನು ಸೇರುವಾಗ ಯಾರೂ ಹೇಳುವುದಿಲ್ಲ. ಬ್ಯಾಂಡ್‌ನ ತುದಿಗೆ ಆಫರ್ ಮಾಡಿಸಿಕೊಂಡು ಗೆದ್ದೆ ಎಂದು ಬಂದವರು ಎರಡು ವರ್ಷಕ್ಕೆ ಬೇಸತ್ತು ಹೋಗಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅವರ ಕೆಲಸದಲ್ಲಿ ಯಾವ ಕೊರತೆಯೂ ಇರುತ್ತಿರಲಿಲ್ಲ.

"ಆರು ತಿಂಗಳಿಗೆ ರಿವ್ಯೂ ಮಾಡ್ತೀವಿ ಅಂತಾನೂ ಅಂದ್ರು ಅಕ್ಕ" ಅಂದಳು. ಲೆಟರ್‌ನಲ್ಲಿ ಬರೆದುಕೊಡುತ್ತಾರಾ ಎಂದು ಕೇಳಲು ಹೇಳಿದೆ. ಬರೆದುಕೊಡಲು ಆಗುವುದಿಲ್ಲ ಅಂದರು. ಅವರು ಸುಳ್ಳು ಹೇಳುತ್ತಿದ್ದರು ಎಂದಲ್ಲ. ಆರು ತಿಂಗಳಲ್ಲಿ ಮ್ಯಾನೇಜರ್ ಬದಲಾಗಬಹುದು, ಬಜೆಟ್ ಮುಚ್ಚಬಹುದು. ಆಗ ಆ ಮಾತು ಯಾರಿಗೂ ನೆನಪಿರುವುದಿಲ್ಲ.

ತಂಗಿ ಎರಡನೇ ಸಲವೂ ಬೇಡ ಅಂದಳು. ಮೊದಲ ಮೇಲ್‌ನಲ್ಲಿ ಬರೆದದ್ದೇ ತನ್ನ ನಿಲುವು, ಮೇಲಿನ ಗ್ರೇಡ್‌ಗೆ ಅವಕಾಶ ಬಂದರೆ ತಿಳಿಸಿ ಎಂದು ಎರಡು ಸಾಲು ಬರೆದಳು. ಆಮೇಲೆ ಪೋರ್ಟಲ್‌ನಲ್ಲಿ ಆಫರ್ ಮುಚ್ಚಿತು.

ಅದಾದ ಮೇಲೆ ಸುದ್ದಿಯೇ ಇಲ್ಲ. ಈ ಮೌನ ಕಷ್ಟ. ಚಿಕ್ಕಮ್ಮ "ಕೈಗೆ ಬಂದಿದ್ದನ್ನ ಬಿಟ್ಟಳು" ಎಂದು ನನ್ನ ಮೇಲೂ ಸಿಟ್ಟಾಗಿದ್ದರು. ಈ ಹೊತ್ತಲ್ಲಿ ಏನಾಯಿತು ಎಂದು ಕೇಳಿ ಮೇಲ್ ಹಾಕಬಾರದಾ ಎಂದು ತಂಗಿ ಕೇಳಿದಳು. ನನಗೆ ಅದು ಸರಿ ಕಾಣಲಿಲ್ಲ. ಬಾಗಿಲು ತೆರೆದಿದೆ ಎಂದು ಒಮ್ಮೆ ಸ್ಪಷ್ಟವಾಗಿ ಹೇಳಿಯಾಗಿದೆ. ಮತ್ತೆ ಮತ್ತೆ ಕೇಳಿದರೆ ಹಳೆಯ ಆಫರ್‌ಗೂ ಬರಬಹುದೇನೋ ಎಂದು ಅವರಿಗೆ ಅನ್ನಿಸುತ್ತದೆ. ಅವಳು ಬೇರೆ ಕಂಪನಿಗಳ ಸಂದರ್ಶನ ಮುಂದುವರಿಸಿದಳು. ಅದು ನಾಟಕ ಅಲ್ಲ, ಅವಳಿಗೆ ನಿಜಕ್ಕೂ ಬೇರೆ ಕೆಲಸ ಬೇಕಿತ್ತು.

ಕೆಲವು ವಾರಗಳ ನಂತರ ಮ್ಯಾನೇಜರ್ ಅವರೇ ಫೋನ್ ಮಾಡಿದರು. ಅವರ ತಂಡದಲ್ಲಿ ಮೇಲಿನ ಗ್ರೇಡ್‌ನ ಒಬ್ಬರು ಕೆಲಸ ಬಿಟ್ಟಿದ್ದರು. ಆ ಜಾಗ ತೆರೆದಿತ್ತು. ಇದನ್ನು ಮುಚ್ಚಿಡಬಾರದು. ಆ ಜಾಗ ತೆರೆಯದೇ ಇದ್ದಿದ್ದರೆ ಮೇಲ್ ಎಷ್ಟೇ ಚೆನ್ನಾಗಿದ್ದರೂ ಏನೂ ಆಗುತ್ತಿರಲಿಲ್ಲ. ಮೇಲಿನ ಗ್ರೇಡ್‌ಗೆ ಒಬ್ಬರನ್ನು ತೆಗೆದುಕೊಳ್ಳಲು ಆ ಗ್ರೇಡ್‌ನ ಬಜೆಟ್ ಬೇಕು, ಅದು ನಮ್ಮ ಕೈಯಲ್ಲಿಲ್ಲ. ಮೇಲ್ ಮಾಡಿದ್ದು ಇಷ್ಟು. ಜಾಗ ತೆರೆದಾಗ ಮ್ಯಾನೇಜರ್‌ಗೆ ಹೊಸಬರನ್ನು ಹುಡುಕುವ ಮುಂಚೆ ಇವಳ ನೆನಪು ಬಂತು. ಇವಳು ಏನಿದ್ದರೆ ಬರುತ್ತಾಳೆ ಎಂದು ಗೊತ್ತಿತ್ತು. ಹಳೆಯ ಸುತ್ತುಗಳ ಫಲಿತಾಂಶ ಇನ್ನೂ ಚಾಲ್ತಿಯಲ್ಲಿತ್ತು. ಬಾಕಿ ಇದ್ದದ್ದು ಒಂದು ಸಿಸ್ಟಮ್ ಡಿಸೈನ್ ಸುತ್ತು ಮಾತ್ರ. ಅದರಲ್ಲಿ, ಬ್ಯಾಂಕಿನ ಫೈಲ್ ತಡವಾಗಿ ಬಂದಾಗ ಒಂದೇ ಹಣ ಎರಡು ಸಲ ಅಂಗಡಿಯವರಿಗೆ ಹೋಗದಂತೆ ಹೇಗೆ ತಡೆಯುತ್ತೀರಿ ಎಂದು ಕೇಳಿದರು. ಅದು ಅವಳು ದಿನವೂ ಮಾಡುವ ಕೆಲಸ.

ಹೊಸ ಆಫರ್ ಬಂತು. ಮೇಲಿನ ಗ್ರೇಡ್, ಫಿಕ್ಸೆಡ್ 23 ಲಕ್ಷ, ಅದರ ಮೇಲೆ ವೇರಿಯಬಲ್ ಶೇಕಡಾ 15. ಕೇಳಿದ್ದಕ್ಕಿಂತ ಅರ್ಧ ಲಕ್ಷ ಕಡಿಮೆ, ಅವಳ ಮಿತಿಗಿಂತ ಅರ್ಧ ಲಕ್ಷ ಮೇಲೆ. ಆ ಬ್ಯಾಂಡ್‌ನ ನಡುವಿನ ಬಿಂದುವಿಗಿಂತ ಸ್ವಲ್ಪ ಕೆಳಗೆ. ಹೈಕ್‌ಗೆ ಜಾಗ ಇದೆ.

ಲೆಟರ್ ಬಂದ ಸಂಜೆ ಇಬ್ಬರೂ ಕೂತು ಮತ್ತೆ ಸಾಲುಸಾಲಾಗಿ ಲೆಕ್ಕ ಹಾಕಿದೆವು. ವಿಮೆ, ಪಿಎಫ್, ಗ್ರ್ಯಾಚುಟಿ ತೆಗೆದರೆ ತಿಂಗಳಿಗೆ ಸುಮಾರು 1,74,600. ಅವಳ ಪಾಲಿನ ಪಿಎಫ್ 10,400, ವೃತ್ತಿ ತೆರಿಗೆ 200. ಟ್ಯಾಕ್ಸ್‌ಗೆ ಮುಂಚೆ ಕೈಗೆ 1,64,000, ಈಗಿನದಕ್ಕಿಂತ ಸುಮಾರು 13,000 ಜಾಸ್ತಿ. ಗ್ರೇಡ್‌ನ ಹೆಸರು ಲೆಟರ್‌ನ ಮೊದಲ ಪುಟದಲ್ಲೇ ಇದೆಯಾ ಎಂದು ನೋಡಿದೆವು, ಇತ್ತು. ಸೇರುವ ತಾರೀಖು ಮಾತ್ರ 45 ದಿನಕ್ಕೆ ಬರೆದಿದ್ದರು. ಅವಳ ನೋಟಿಸ್ 60 ದಿನ. ಅದನ್ನು ತಿದ್ದಿಸಿದ ಲೆಟರ್ ಬಂದ ಮೇಲೆ Accept ಒತ್ತಿದಳು, ಮಾರನೇ ಬೆಳಿಗ್ಗೆ ಹಳೆಯ ಕಂಪನಿಯಲ್ಲಿ ರಾಜೀನಾಮೆ ಕೊಟ್ಟಳು.